ಸಹಾಯ ಬೇಕು: ಕೌನ್ಸೆಲಿಂಗ್ ರೆಕಾರ್ಡಿಂಗ್‌ನಿಂದ ನೋಟ್ಸ್ ಬರೆಯುವಾಗ ಕ್ಲೈಂಟ್‌ನ ಅಣ್ಣನ ವಿಷಯ ಏನು ಮಾಡಲಿ?

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಕೌನ್ಸೆಲರ್ ಆಗಿದ್ದೇನೆ. ಕ್ಲೈಂಟ್ ಒಪ್ಪಿಗೆ ಪಡೆದು 50 ನಿಮಿಷದ ಮಾತುಕತೆ ರೆಕಾರ್ಡ್ ಮಾಡಿದ್ದೆ. ಅದರಿಂದ ನನಗಷ್ಟೇ ಅರ್ಧ ಪುಟದ ನೋಟ್ಸ್ ಬೇಕು. ಆಮೇಲೆ ರೆಕಾರ್ಡಿಂಗ್ ಅಳಿಸುತ್ತೇನೆ ಅಂತ ಅವರಿಗೆ ಹೇಳಿದ್ದೇನೆ. (ಗುರುತು ಸಿಗದ ಹಾಗೆ ಇಲ್ಲಿ ವಿವರ ಬದಲಿಸಿದ್ದೇನೆ.)

ಮೊದಲ ಸಲ ಸುಮ್ನೆ ‘ಖಿನ್ನತೆ ಇದೆ’ ಅಂತ ಬರೆದುಬಿಟ್ಟೆ. ಅದನ್ನು ಹೇಳಬೇಕಾದವರು ಡಾಕ್ಟರ್, ನಾನಲ್ಲ. ಹೊಡೆದುಹಾಕಿ, ‘ಮೂರು ವಾರದಿಂದ ರಾತ್ರಿ ಮೂರಕ್ಕೆ ಎಚ್ಚರ ಆಗುತ್ತೆ ಎಂದರು’ ಅಂತ ಬರೆದೆ. ಒಂದು ಕಡೆ ‘ಸಾಕಾಗಿದೆ’ ಅಂದಿದ್ದರು. ಸುಸ್ತೋ, ಬದುಕೇ ಬೇಡವೋ? ಅಲ್ಲೇ ನೇರವಾಗಿ ಕೇಳಿದ್ದೆ. ‘ಸಾಯೋ ಯೋಚನೆ ಇಲ್ಲ, ಕೆಲಸ ಸಾಕಾಗಿದೆ’ ಅಂದರು. ನನ್ನ ಪ್ರಶ್ನೆ, ಅವರ ಉತ್ತರ ಎರಡನ್ನೂ ಇದ್ದ ಹಾಗೇ ಇಟ್ಟಿದ್ದೇನೆ.

ಹೆಸರಿನ ಬದಲು ನಂಬರ್ ಹಾಕಿದೆ. ಆದರೂ ‘ಕಾಫಿ ತೋಟದ ರೈಟರ್’ ಅಂತ ಉಳಿದಿತ್ತು. ನಮ್ಮ ಕಡೆ ಊರಿನ ಹೆಸರೂ ಸೇರಿದರೆ ಯಾರು ಅಂತ ಗೊತ್ತಾಗಿಬಿಡುತ್ತೆ, ಅಲ್ವಾ? ‘ತೋಟದ ಕೆಲಸ’ ಅಂತಷ್ಟೇ ಮಾಡಿದೆ.

ಸಿಕ್ಕಿಹಾಕಿಕೊಂಡಿರುವುದು ಇಲ್ಲಿ. ನಿದ್ದೆ ಕೆಡಲು ಅಣ್ಣನ ಕುಡಿತ, ಕೈಸಾಲವೇ ಕಾರಣ ಅಂತಾರೆ. ಅಣ್ಣ ನನಗೆ ಒಪ್ಪಿಗೆ ಕೊಟ್ಟಿಲ್ಲ. ಪೂರ್ತಿ ಬಿಟ್ಟರೆ ಮುಂದಿನ ವಾರ ಎಳೆ ಸಿಗಲ್ಲ. ‘ಮನೆಯವರೊಬ್ಬರ ಹಣದ ಚಿಂತೆ’ ಅಂತ ಬರೆದರೆ ಕುಡಿತದ ವಿಷಯವೇ ಮಾಯ.

ನೋಟ್ಸ್ ಬರೆಯುವ ಕೌನ್ಸೆಲರ್‌ಗಳೇ, ಇಂಥ ಮೂರನೆಯವರ ವಿಷಯವನ್ನು ನೀವು ಎಷ್ಟು ಬರೆಯುತ್ತೀರಿ? ಈ ಕೇಸಿಗೆ ನೀವಾದರೆ ಆ ಒಂದು ಸಾಲು ಹೇಗೆ ಬರೆಯುತ್ತಿದ್ದಿರಿ?