ಮಾರ್ಕಿನಿಂದ ಗ್ರೇಡ್: ಜರಡಿ ಯಾವುದು ಮೊದಲು?

«ಮಾವಾ, ಎಕ್ಸೆಲ್‌ನಲ್ಲಿ ಒಂಬತ್ತನೇ ಕ್ಲಾಸಿನ ಮಾರ್ಕ್ ಲಿಸ್ಟ್‌ಗೆ IFS ಸೂತ್ರ ಹಾಕಿದೆ. 20ರ ಮೇಲೆ ಇದ್ದವರಿಗೆಲ್ಲ ಡಿ ಗ್ರೇಡೇ ಬರುತ್ತಿದೆ, 95 ಬಂದವಳಿಗೂ ಡಿ! 15 ಬಂದವನಿಗೆ #N/A. ನಾಳೆ ಕೊಡಬೇಕು, ಏನು ಮಾಡಲಿ?»

ಕೂಸೇ, ಈಗಷ್ಟೇ ಬದಿಯಡ್ಕದಿಂದ ಬಸ್ಸಿಳಿದು ಮನೆ ಮುಟ್ಟಿದೆ. ವಾಯ್ಸ್ ಕಳಿಸೋಣ ಅಂದುಕೊಂಡೆ. ಆದರೆ ಬ್ರಾಕೆಟ್ ಎಲ್ಲಿ, ಕೋಮಾ ಎಲ್ಲಿ ಅಂತ ಬಾಯಲ್ಲಿ ಹೇಳಿದರೆ ನಿನಗೂ ತಲೆಬಿಸಿ, ನನಗೂ ತಲೆಬಿಸಿ. ಮಾತಾಡಿದ ಹಾಗೆಯೇ ಬರೆದು ಹಾಕುತ್ತೇನೆ. ಗ್ರೂಪಿನ ಉಳಿದವರು ಬೇಕಾದರೆ ದಾಟಿಸಿ ಮುಂದೆ ಹೋಗಿ.

ನೀನು ಬರೆದ ಸೂತ್ರ ನೋಡದೆಯೇ ಹೇಳುತ್ತೇನೆ, 20ರಿಂದ ಶುರು ಮಾಡಿದ್ದೀ. ಅಲ್ವಾ? ನಮ್ಮ ಅಂಗಳದಲ್ಲಿ ಅಜ್ಜ ಅಡಿಕೆ ಜರಡಿ ಹಿಡಿಯುತ್ತಿದ್ದದ್ದು ನೆನಪು ಮಾಡಿಕೋ. ಮೊದಲು ದೊಡ್ಡ ಕಣ್ಣಿನ ಜರಡಿ. ದಪ್ಪ ಅಡಿಕೆ ಅದರಲ್ಲಿ ನಿಲ್ಲುತ್ತದೆ, ಉಳಿದದ್ದು ಕೆಳಗೆ ಬೀಳುತ್ತದೆ. ಆಮೇಲೆ ಅದಕ್ಕಿಂತ ಸಣ್ಣ ಕಣ್ಣಿನದು. ಸಣ್ಣ ಕಣ್ಣಿನ ಜರಡಿಯನ್ನೇ ಮೊದಲು ಹಿಡಿದರೆ ಎಲ್ಲ ಅಡಿಕೆಯೂ ಅದರಲ್ಲೇ ಉಳಿಯುತ್ತದೆ, ಮುಂದಿನ ಜರಡಿಗೆ ಕೆಲಸವೇ ಇಲ್ಲ. IFS ಸಹ ಹಾಗೆಯೇ. ಎಡದಿಂದ ನೋಡುತ್ತಾ ಹೋಗುತ್ತದೆ, ಮೊದಲು ಯಾವ ಮಾತು ನಿಜವೋ ಅಲ್ಲೇ ನಿಲ್ಲುತ್ತದೆ. 95 ಅನ್ನುವುದು 20ಕ್ಕಿಂತ ಜಾಸ್ತಿ ಹೌದಲ್ಲ? ಡಿ ಕೊಟ್ಟು ಕೈ ತೊಳೆದುಕೊಂಡಿತು. 15ಕ್ಕೆ ಯಾವ ಮಾತೂ ನಿಜವಾಗಲಿಲ್ಲ, ಹಾಗಾಗಿ #N/A. ಕೊನೆಯಲ್ಲಿ TRUE ಅಂತ ಒಂದು ಹಾಕಿದರೆ ಉಳಿದವರೆಲ್ಲ ಅಲ್ಲಿಗೆ ಬೀಳುತ್ತಾರೆ. ಮಾರ್ಕು C ಕಾಲಂನಲ್ಲಿದೆ, ಮೊದಲ ಮಗು ಎರಡನೇ ಸಾಲಿನಲ್ಲಿದೆ ಅಂತ ಇಟ್ಟುಕೊಂಡು ಬರೆದಿದ್ದೇನೆ.

```
=IFS(C2>=90,"A+",C2>=80,"A",C2>=70,"B+",
C2>=60,"B",C2>=50,"C+",C2>=40,"C",
C2>=30,"D+",C2>=20,"D",TRUE,"E")
```

ಇಷ್ಟಕ್ಕೆ ಖುಷಿಪಟ್ಟು ಪ್ರಿಂಟ್ ತೆಗೆಯಬೇಡ. ನಾನು ಹಿಂದೆ ಒಂದು ಶಾಲೆಯಲ್ಲಿದ್ದಾಗ ಹೀಗೆಯೇ ಮಾಡಿ ಮಾನ ಹೋಗಿತ್ತು. ಪರೀಕ್ಷೆಗೇ ಬಾರದ ಹುಡುಗನ ಹೆಸರಿನ ಮುಂದೆ ಎ ಪ್ಲಸ್! ಅವನ ಅಪ್ಪನೇ ಫೋನ್ ಮಾಡಿ ನಕ್ಕರು. ಕಾರಣ ಗೊತ್ತಾಗಲು ಒಂದು ಸಂಜೆ ಬೇಕಾಯಿತು. ಅವನ ಮಾರ್ಕಿನ ಜಾಗದಲ್ಲಿ ನಾನು AB ಅಂತ ಬರೆದಿದ್ದೆ. ಎಕ್ಸೆಲ್ ಅಕ್ಷರವನ್ನೂ ಅಂಕಿಯನ್ನೂ ಹೋಲಿಸುವಾಗ ಅಕ್ಷರವೇ ಯಾವಾಗಲೂ ದೊಡ್ಡದು ಅನ್ನುತ್ತದೆ. ಅದರ ಲೆಕ್ಕದಲ್ಲಿ AB ಅನ್ನುವುದು 90ಕ್ಕಿಂತ ಜಾಸ್ತಿ. ನಿನ್ನ ಈಗಿನ ಶೀಟಿನಲ್ಲಿ ಬಾರದವರಿಗೂ ಡಿ ಬಂದಿರುತ್ತದೆ, ಎಲ್ಲ ಡಿಗಳ ನಡುವೆ ನಿನಗೆ ಕಾಣಲಿಲ್ಲ ಅಷ್ಟೆ. ಕ್ರಮ ತಿರುಗಿಸಿದ ಕೂಡಲೇ ಅವರೆಲ್ಲ ಎ ಪ್ಲಸ್‌ಗೆ ಏರುತ್ತಾರೆ. ಖಾಲಿ ಬಿಟ್ಟ ಜಾಗ ಮಾತ್ರ ಸೊನ್ನೆ ಅಂತಾಗಿ ಇ ಬರುತ್ತದೆ.

ಹಾಗಾಗಿ ನಾನು ಈಗ IFS ಬಿಟ್ಟು ಪಟ್ಟಿ ಇಟ್ಟುಕೊಳ್ಳುತ್ತೇನೆ. ಇನ್ನೊಂದು ಕಾರಣವೂ ಉಂಟು. IFS 2019ರ ಎಕ್ಸೆಲ್‌ನಿಂದ ಈಚೆಗಿನದರಲ್ಲಿ ಮಾತ್ರ ಸರಿ, ಹಳೆಯದರಲ್ಲಿ #NAME? ಅಂತ ಮುಖ ತೋರಿಸುತ್ತದೆ. ಪಟ್ಟಿ ನೋಡುವ VLOOKUP ಹಳೆಯದರಲ್ಲೂ ನಡೆಯುತ್ತದೆ, ಸರಕಾರದ ಕೈಟ್ ಸಂಸ್ಥೆ ಶಾಲೆಗೆ ಕೊಟ್ಟ ಲ್ಯಾಪ್‌ಟಾಪಿನ ಲಿಬ್ರೆ ಆಫೀಸ್‌ನಲ್ಲೂ ನಡೆಯುತ್ತದೆ.

ಅದೇ ಶೀಟಿನ ಬಲಗಡೆ G2ರಿಂದ ಕೆಳಗೆ ಹೀಗೆ ಬರೆ. ಎಡಗಡೆ ಆ ಗ್ರೇಡ್ ಶುರುವಾಗುವ ಮಾರ್ಕು ಮಾತ್ರ ಸಾಕು, 80–89 ಅಂತ ಬರೆಯಬಾರದು.

```
0   E
20  D
30  D+
40  C
50  C+
60  B
70  B+
80  A
90  A+
```

ನೋಡು, ಇಲ್ಲಿ ಕ್ರಮ ಉಲ್ಟಾ. IFS ಮೇಲಿನಿಂದ ಇಳಿಯಬೇಕು, ಪಟ್ಟಿ ಕೆಳಗಿನ ಮಾರ್ಕಿನಿಂದ ಏರಬೇಕು. 67 ಬಂದರೆ ಅದು 67ನ್ನು ಮೀರದ ಅತಿ ದೊಡ್ಡ ಮಾರ್ಕು ಹುಡುಕುತ್ತದೆ. ಅದು 60, ಗ್ರೇಡ್ ಬಿ. ಪಟ್ಟಿ ಏರುಕ್ರಮದಲ್ಲಿದೆ ಅಂತ ನಂಬಿಯೇ ಅದು ಹುಡುಕುವುದು, ನಡುವಿನಿಂದ ಅರ್ಧ ಅರ್ಧ ಬಿಟ್ಟು ಹಾರುತ್ತದೆ. ಚೆಂದ ಕಾಣಲಿ ಅಂತ ಇಡೀ ಪಟ್ಟಿ ತಿರುಗಿಸಿ 90ನ್ನು ಮೇಲೆ ಇಟ್ಟರೆ ತಕರಾರು ಏನೂ ಹೇಳದೆ ತಪ್ಪು ಗ್ರೇಡ್ ಕೊಡುತ್ತದೆ. 67ಕ್ಕೆ ಇ ಬರುತ್ತದೆ.

ಈಗ ಸೂತ್ರ:

```
=IF(ISNUMBER(C2),VLOOKUP(C2,$G$2:$H$10,2,TRUE),C2&"")
```

ಕನ್ನಡದಲ್ಲಿ ಹೇಳಬೇಕೆಂದರೆ, C2ನಲ್ಲಿ ಅಂಕಿ ಇದ್ದರೆ ಪಟ್ಟಿ ನೋಡು, ಇಲ್ಲದಿದ್ದರೆ ಅಲ್ಲಿ ಏನಿದೆಯೋ ಅದನ್ನೇ ಬರೆ. AB ಇದ್ದಲ್ಲಿ AB ಬರುತ್ತದೆ, ಖಾಲಿ ಇದ್ದಲ್ಲಿ ಖಾಲಿ. ಕೊನೆಯ TRUE ಬದಲು FALSE ಹಾಕಿದರೆ ಸರಿಯಾಗಿ 60, 70 ಅಂತ ಬಂದವರಿಗೆ ಮಾತ್ರ ಗ್ರೇಡ್, ಉಳಿದವರಿಗೆಲ್ಲ #N/A.

ಆ ಡಾಲರ್ ಗುರುತುಗಳನ್ನು ಸುಮ್ನೆ ಹಾಕಿದ್ದಲ್ಲ. ಅದಿಲ್ಲದೆ ಸೂತ್ರವನ್ನು ಕೆಳಗೆ ಎಳೆದರೆ ಪಟ್ಟಿಯೂ ಒಂದೊಂದು ಸಾಲು ಕೆಳಗೆ ಜಾರುತ್ತದೆ. ಎರಡನೇ ಮಗುವಿಗೆ ಬರುವಾಗಲೇ 0ಯ ಸಾಲು ಹೋಯಿತು. ಒಂಬತ್ತನೇ ಮಗುವಿಗೆ 90ರ ಸಾಲು ಒಂದೇ ಉಳಿಯಿತು. ಆಮೇಲೆ ಏನೂ ಇಲ್ಲ. ಮೇಲಿನ ಮಕ್ಕಳಿಗೆ ಸರಿ, ಕೆಳಗೆ ಹೋದ ಹಾಗೆ #N/A ಜಾಸ್ತಿ ಆದರೆ ಇದೇ ರೋಗ ಅಂತ ತಿಳಿ.

ಇನ್ನೊಂದು, ಗ್ರೇಡಿನ ಕಾಲಂನಲ್ಲಿ 45 ಅಂತ ಮಾರ್ಕೇ ಕಂಡರೆ ಹೆದರಬೇಡ. ಆ ಮಾರ್ಕು ಅಂಕಿಯಾಗಿ ಕೂತಿಲ್ಲ, ಅಕ್ಷರವಾಗಿ ಕೂತಿದೆ. ವಾಟ್ಸಾಪಿನಿಂದ ಕಾಪಿ ಮಾಡಿದರೆ ಹೀಗಾಗುವುದುಂಟು. ಮಾರ್ಕು ಕೋಣೆಯ ಎಡಕ್ಕೆ ಅಂಟಿಕೊಂಡಿದ್ದರೂ ಅದೇ ಸೂಚನೆ. ಒಂದೆರಡಾದರೆ ಹೊಸದಾಗಿ ಟೈಪ್ ಮಾಡಿಬಿಡು. IFS ಇದ್ದಿದ್ದರೆ ಆ 45ಕ್ಕೂ ಎ ಪ್ಲಸ್ ಬರುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಎಲ್ಲ ಆದ ಮೇಲೆ ಒಂದು ಖಾಲಿ ಸಾಲಿಗೂ ಸೂತ್ರ ಎಳೆದು, ಅದರ ಮಾರ್ಕಿನ ಜಾಗದಲ್ಲಿ 19, 20, 29, 30, 89, 90, ಮತ್ತೆ AB ಒಂದೊಂದಾಗಿ ಟೈಪ್ ಮಾಡಿ ನೋಡು. ಗಡಿಯಲ್ಲಿ ಸರಿ ಬಂದರೆ ನಡುವೆ ಸರಿಯೇ ಇರುತ್ತದೆ. 29 ಮತ್ತು 30 ಎರಡನ್ನೂ ಸರಿಯಾಗಿ ನೋಡು. ನಮ್ಮ ಕೇರಳದ ಎಸ್ಸೆಸ್ಸೆಲ್ಸಿಯಲ್ಲಿ ಡಿ ಪ್ಲಸ್ ಇದ್ದರೆ ತಾನೇ ಮುಂದಕ್ಕೆ ದಾರಿ?

ಒಂದು ವಿಷಯ ಮಾತ್ರ ನೀನೇ ತೀರ್ಮಾನ ಮಾಡಬೇಡ. ಬರವಣಿಗೆಯ ಪರೀಕ್ಷೆಯಲ್ಲಿ 70.5, ನಿರಂತರ ಮೌಲ್ಯಮಾಪನದ ಸಿಇಯಲ್ಲಿ 19, ಒಟ್ಟು 89.5 ಬಂದ ಮಗು ಇದ್ದರೆ, ದಶಾಂಶ ಮುಚ್ಚಿಟ್ಟ ಶೀಟಿನಲ್ಲಿ ಅದು 90 ಅಂತ ಕಾಣುತ್ತದೆ. ಗ್ರೇಡ್ ಮಾತ್ರ ಎ. ಎಕ್ಸೆಲ್ ನೋಡುವುದು ಒಳಗಿನ ಅಂಕಿ, ಕಣ್ಣಿಗೆ ಕಾಣುವುದಲ್ಲ. 90 ಅಂತ ಬರೆದು ಎ ಯಾಕೆ ಕೊಟ್ಟಿರಿ ಅಂತ ಮನೆಯವರು ಕೇಳಿದರೆ ನಿನ್ನ ಹತ್ತಿರ ಉತ್ತರ ಇರುವುದಿಲ್ಲ. ಅರ್ಧ ಮಾರ್ಕು ಏರಿಸುವುದೋ ಬೇಡವೋ ಅಂತ ನಿಮ್ಮ ಹೆಡ್ ಮಾಷ್ಟ್ರ ಹತ್ತಿರ ಬೆಳಿಗ್ಗೆಯೇ ಕೇಳು. ಏರಿಸಿ ಅಂದರೆ VLOOKUP ಒಳಗೆ C2 ಬದಲು ಇದನ್ನು ಹಾಕು:

```
ROUND(C2,0)
```

ಬೇಡ ಅಂದರೆ ಮಾರ್ಕಿನ ಕಾಲಂನಲ್ಲಿ ಒಂದು ದಶಾಂಶ ಕಾಣುವ ಹಾಗೆ ಬಿಡು, 89.5 ಅಂತಲೇ ಕಾಣಲಿ.

ಸಿಕ್ಕಿಹಾಕಿಕೊಂಡರೆ ಶೀಟನ್ನು ಈ ಗ್ರೂಪಿಗೆ ಹಾಕಬೇಡ, ಮಕ್ಕಳ ಹೆಸರು ಉಂಟಲ್ಲ. ನನಗೆ ಪ್ರತ್ಯೇಕ ಕಳಿಸು. ಹನ್ನೊಂದು ಗಂಟೆ ತನಕ ಎಚ್ಚರ ಇರುತ್ತೇನೆ, ಕರೆಂಟ್ ಹೋಗದಿದ್ದರೆ.