ಎಟಿಎಂನಲ್ಲಿ ದುಡ್ಡು ಬರದೆ ಖಾತೆಯಲ್ಲಿ ಕಟ್ ಆದರೆ: ಶಾಖೆಯಿಂದ ಓಂಬುಡ್ಸ್‌ಮನ್‌ವರೆಗೆ ಏನು ಬರೆಯಬೇಕು?

ಕೇಳಿದವರು, ತಿಪಟೂರು:
ಮಾರ್ಚ್ 3ರಂದು ಅಮ್ಮ ಬೇರೆ ಬ್ಯಾಂಕಿನ ಎಟಿಎಂನಲ್ಲಿ 10,000 ರೂಪಾಯಿ ತೆಗೆಯಲು ಹೋದರು. ದುಡ್ಡು ಬರಲಿಲ್ಲ, ಖಾತೆಯಲ್ಲಿ ಮಾತ್ರ ಕಟ್ ಆಗಿದೆ. ತಿಂಗಳಾಯಿತು. ನಮ್ಮ ಶಾಖೆಯಲ್ಲಿ ಕೇಳಿದರೆ ‘ಆ ಎಟಿಎಂ ಯಾರದ್ದೋ ಅಲ್ಲೇ ಕೇಳಿ’ ಅಂತಾರೆ. ಯಾರಿಗೆ, ಏನಂತ ಬರೆಯಬೇಕು? ಅನುಭವ ಇದ್ದವರು ಹೇಳಿ.

ಬೆಂಗಳೂರಿನವರು:
ಶಾಖೆಗೆಲ್ಲ ಅಲೆಯಬೇಡಿ ಮೇಡಂ, ಸುಮ್ನೆ ಟೈಮ್ ವೇಸ್ಟ್. ನೃಪತುಂಗ ರಸ್ತೆಯ ಆರ್‌ಬಿಐ ಕಚೇರಿಗೆ ಸೀದಾ ಒಂದು ಪತ್ರ ಹಾಕಿ. ಆರ್‌ಬಿಐ ಹೆಸರು ಕೇಳಿದ ತಕ್ಷಣ ಬ್ಯಾಂಕಿನವರು ಓಡಿ ಬರುತ್ತಾರೆ.

ನಿವೃತ್ತ ಬ್ಯಾಂಕ್ ಉದ್ಯೋಗಿ, ಶಿವಮೊಗ್ಗ:
ಆರ್‌ಬಿಐ ಹೆಸರಿಗೆ ಬ್ಯಾಂಕು ಹೆದರುತ್ತದೆ, ಅದು ನಿಜ. ಆದರೆ ಸೀದಾ ಹೋದರೆ ದೂರು ಅಲ್ಲೇ ಮುಚ್ಚಿಹೋಗುತ್ತದೆ. ಮೊದಲು ಬ್ಯಾಂಕಿಗೆ ಬರೆದು ಕೊಟ್ಟಿರಬೇಕು. ಬ್ಯಾಂಕು ತಿರಸ್ಕರಿಸಿರಬೇಕು, ಅಥವಾ ಕೊಟ್ಟ ಉತ್ತರ ಸಮಾಧಾನ ತರದಿರಬೇಕು, ಇಲ್ಲವೇ 30 ದಿನ ಕಳೆದರೂ ಉತ್ತರ ಬಂದಿರಬಾರದು. ಆಮೇಲೆ ಓಂಬುಡ್ಸ್‌ಮನ್, ಅಂದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಆರ್‌ಬಿಐ ಅಧಿಕಾರಿ. ನೃಪತುಂಗ ರಸ್ತೆ ಹಳೆಯ ಲೆಕ್ಕ. 2021ರ ನವೆಂಬರ್ 12ರಂದು ಹೊಸ ಯೋಜನೆ ಬಂದ ಮೇಲೆ ದೂರನ್ನು cms.rbi.org.in ನಲ್ಲಿ ಹಾಕಬೇಕು, ಅಂಚೆಯಲ್ಲಾದರೆ ಚಂಡೀಗಢದ ಆರ್‌ಬಿಐ ಕೇಂದ್ರಕ್ಕೆ.

ಮೇಡಂ, ನಿಮ್ಮ ಶಾಖೆ ಹೇಳಿದ್ದು ತಪ್ಪು. ಎಟಿಎಂ ಯಾರದ್ದೇ ಆಗಲಿ, ಕಾರ್ಡ್ ಕೊಟ್ಟ ಬ್ಯಾಂಕೇ ದೂರು ತೆಗೆದುಕೊಳ್ಳಬೇಕು. ಆರ್‌ಬಿಐನ 2019ರ ಸೆಪ್ಟೆಂಬರ್ 20ರ ಸುತ್ತೋಲೆ ನಿಮ್ಮ ಅಸ್ತ್ರ. ವಹಿವಾಟಿನ ದಿನ ಬಿಟ್ಟು 5 ದಿನದೊಳಗೆ ದುಡ್ಡು ತಾನಾಗಿ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ, ಅದೂ ಗ್ರಾಹಕರು ಕೇಳದೆಯೇ. ನಿಮ್ಮದರಲ್ಲಿ ಗಡುವು ಮಾರ್ಚ್ 8. ಏಪ್ರಿಲ್ 7ಕ್ಕೆ ದುಡ್ಡು ಬಂತು ಅಂದುಕೊಳ್ಳಿ, 30 ದಿನ ತಡ. ಅಂದರೆ 10,000ದ ಜೊತೆ 3,000 ಬರಬೇಕು.

ಶಾಖೆಗೆ ಅಮ್ಮನ ಹೆಸರಲ್ಲೇ, ಅಮ್ಮನ ಸಹಿಯಲ್ಲೇ ಬರೆಯಿರಿ. ಅರ್ಧ ಪುಟ ಸಾಕು:

‘ಮಾರ್ಚ್ 3ರಂದು ಬೆಳಿಗ್ಗೆ ಇಷ್ಟು ಗಂಟೆಗೆ ಇಂಥ ಜಾಗದ, ಇಂಥ ಬ್ಯಾಂಕಿನ ಎಟಿಎಂನಲ್ಲಿ 10,000 ರೂ. ತೆಗೆಯಲು ಪ್ರಯತ್ನಿಸಿದೆ. ಹಣ ಹೊರಬರಲಿಲ್ಲ, ಖಾತೆಯಿಂದ ಕಡಿತವಾಗಿದೆ. ವಹಿವಾಟಿನ ಉಲ್ಲೇಖ ಸಂಖ್ಯೆ ಇಂತಿದೆ. 10,000 ರೂ. ಹಾಗೂ ಮಾರ್ಚ್ 9ರಿಂದ ಜಮಾ ಆಗುವ ದಿನದವರೆಗೆ ದಿನಕ್ಕೆ 100 ರೂ. ಪರಿಹಾರವನ್ನು ಖಾತೆಗೆ ಜಮಾ ಮಾಡಬೇಕು.’

ಉಲ್ಲೇಖ ಸಂಖ್ಯೆ ಎಸ್‌ಎಂಎಸ್‌ನಲ್ಲೋ ಪಾಸ್‌ಬುಕ್‌ನಲ್ಲೋ ಸಿಗುತ್ತದೆ. ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿಕೊಳ್ಳಿ. ಕೌಂಟರಿನಲ್ಲಿ ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಸೀಲು ಹಾಕೋಕೆ ಒಲ್ಲೆ ಅಂದರೆ ಅದೇ ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಜೊತೆಗೆ ಬ್ಯಾಂಕಿನ ಆ್ಯಪ್‌ನಲ್ಲೂ ದೂರು ಹಾಕಿ ನಂಬರ್ ಬರೆದಿಟ್ಟುಕೊಳ್ಳಿ.

ಹುಬ್ಬಳ್ಳಿಯವರು:
ನಂದೂ ಇದೇ ಕಥೆ. ನಮ್ಮ ಊರಿನ ಸೌಹಾರ್ದ ಸಹಕಾರಿಯಲ್ಲಿ ಡಿಪಾಸಿಟ್ ಇಟ್ಟಿದ್ದೆ, ಅವಧಿ ಮುಗಿದರೂ ಕೊಡ್ತಾ ಇಲ್ಲ. ಓಂಬುಡ್ಸ್‌ಮನ್‌ಗೆ ಹಾಕಿದರೆ ಬರುತ್ತಾ?

ನಿವೃತ್ತ ಬ್ಯಾಂಕ್ ಉದ್ಯೋಗಿ, ಶಿವಮೊಗ್ಗ:
ಸರ್, ನಿಮ್ಮದು ಬೇರೆ ದಾರಿ. ಹೆಸರಲ್ಲಿ ಏನೇ ಇರಲಿ, ಆರ್‌ಬಿಐ ಪರವಾನಗಿ ಇಲ್ಲದಿದ್ದರೆ ಅದು ಬ್ಯಾಂಕ್ ಅಲ್ಲ. ಓಂಬುಡ್ಸ್‌ಮನ್ ಮುಟ್ಟುವುದಿಲ್ಲ. ಸಹಕಾರ ಇಲಾಖೆಯ ಕಚೇರಿಗೆ ಹೋಗಿ. ಗ್ರಾಮೀಣ ಬ್ಯಾಂಕ್ ಆಗಿದ್ದರೆ ಓಂಬುಡ್ಸ್‌ಮನ್ ವ್ಯಾಪ್ತಿಗೆ ಬರುತ್ತಿತ್ತು.

ಕೇಳಿದವರು, ತಿಪಟೂರು:
ಸರ್, ಇವತ್ತು ಪತ್ರ ಕೊಟ್ಟು ಸೀಲು ಹಾಕಿಸಿದೆ. ಮ್ಯಾನೇಜರ್ ‘ಆ ಬ್ಯಾಂಕಿನವರು ವಹಿವಾಟು ಯಶಸ್ವಿ ಅಂತ ಹೇಳಿದ್ದಾರೆ, ನಾವೇನೂ ಮಾಡೋಕಾಗಲ್ಲ’ ಅಂದರು. ಹಾಗಾದರೆ ಮುಗಿಯಿತಾ?

ನಿವೃತ್ತ ಬ್ಯಾಂಕ್ ಉದ್ಯೋಗಿ, ಶಿವಮೊಗ್ಗ:
ಎಲ್ಲಿ ಮುಗಿಯಿತು? ಆಟ ಶುರುವಾಗುವುದೇ ಅಲ್ಲಿ. ‘ಯಶಸ್ವಿ’ ಅಂತ ಕಂಪ್ಯೂಟರ್ ಹೇಳಿದರೆ ಸಾಲದು. ಎಟಿಎಂ ಯಂತ್ರ ತನ್ನದೇ ಒಂದು ದಿನಚರಿ ಬರೆದಿಡುತ್ತದೆ, ಇಜೆ ಲಾಗ್ ಅಂತಾರೆ. ಕಾರ್ಡ್ ಎಷ್ಟು ಗಂಟೆಗೆ ಬಂತು, ಎಷ್ಟು ನೋಟು ಎಣಿಸಿತು, ನೋಟು ಬಾಯಿಗೆ ಬಂತಾ, ಎಲ್ಲ ಅದರಲ್ಲಿರುತ್ತದೆ. ನೋಟು ಸಿಕ್ಕಿಕೊಂಡಿದ್ದರೆ ಅಲ್ಲೇ ದೋಷದ ಸಾಲು ಕಾಣುತ್ತದೆ. ಇನ್ನೊಂದು, ಯಂತ್ರದ ಕ್ಯಾಷ್ ತಾಳೆ. ಯಂತ್ರ ತೆರೆದು ಎಣಿಸಿದಾಗ ಲೆಕ್ಕಕ್ಕಿಂತ 10,000 ಜಾಸ್ತಿ ಇದ್ದರೆ ಅದು ಯಾರದ್ದು ಹೇಳಿ? ನಾನು ಕೆಲಸದಲ್ಲಿದ್ದಾಗ ಎಷ್ಟೋ ಇಂಥ ದೂರು ಈ ತಾಳೆಯಲ್ಲೇ ಬಗೆಹರಿದಿವೆ.

ಈಗ ಎರಡನೇ ಪತ್ರ. ಬ್ಯಾಂಕಿನ ವೆಬ್‌ಸೈಟಿನಲ್ಲಿ ನೋಡಲ್ ಅಧಿಕಾರಿ ಅಥವಾ ಕುಂದುಕೊರತೆ ಅಧಿಕಾರಿಯ ಇಮೇಲ್ ಇರುತ್ತದೆ. ಶಾಖೆಗೆ ಬರೆದದ್ದನ್ನೇ ಮತ್ತೆ ಬರೆಯಬೇಡಿ. ಸೀಲು ಬಿದ್ದ ಪ್ರತಿ ಲಗತ್ತಿಸಿ, ಹೀಗೆ ಹಾಕಿ:

‘ವಹಿವಾಟು ಯಶಸ್ವಿ ಎಂದು ಶಾಖೆ ಬಾಯಿಮಾತಿನಲ್ಲಿ ಹೇಳಿದೆ. ಅದಕ್ಕೆ ಆಧಾರವಾದ ಇಜೆ ಲಾಗ್, ಆ ದಿನದ ಕ್ಯಾಷ್ ತಾಳೆ ವರದಿಯ ಪ್ರತಿ ಕೊಡಿ. ಸಿಸಿಟಿವಿ ದೃಶ್ಯವನ್ನು ಅಳಿಸದೆ ಉಳಿಸಲು ಎಟಿಎಂ ಬ್ಯಾಂಕಿಗೆ ತಿಳಿಸಿ. ದೂರು ತಿರಸ್ಕರಿಸುವುದಾದರೆ ನಿಮ್ಮ ಆಂತರಿಕ ಓಂಬುಡ್ಸ್‌ಮನ್ ನೋಡಿದ್ದಾರೆಯೇ ಎಂದು ಲಿಖಿತವಾಗಿ ತಿಳಿಸಿ.’

ಕೊನೇ ಸಾಲು ಬಿಡಬೇಡಿ. ದೊಡ್ಡ ಬ್ಯಾಂಕುಗಳಲ್ಲಿ ತಿರಸ್ಕಾರದ ಉತ್ತರ ಹೊರಡುವ ಮೊದಲು ಬ್ಯಾಂಕಿನೊಳಗಿನ ಆ ಅಧಿಕಾರಿ ನೋಡಲೇಬೇಕು. ನೀವು ನೇರವಾಗಿ ಅವರ ಬಳಿ ಹೋಗುವಂತಿಲ್ಲ, ಬ್ಯಾಂಕೇ ಕಳಿಸಬೇಕು.

ಮೈಸೂರಿನವರು:
ಒಂದು ಸೇರಿಸ್ತೀನಿ. ಶಾಖೆಗೆ 30 ದಿನ, ನೋಡಲ್‌ಗೆ ಮತ್ತೆ 30 ದಿನ ಅಂತ ಕಾಯಬೇಡಿ. ನಾನು ಶಾಖೆಗೆ ಪತ್ರ ಕೊಟ್ಟ ತಾರೀಕಿನಿಂದಲೇ ಎಣಿಸಿದ್ದೆ, ಪೋರ್ಟಲ್ ಒಪ್ಪಿಕೊಂಡಿತು. ಮಧ್ಯದಲ್ಲಿ ನೋಡಲ್‌ಗೆ ಬರೆದರೆ ಎಣಿಕೆ ಹೊಸದಾಗಿ ಶುರುವಾಗಲ್ಲ. ಹಾಗಂತ ತಿಂಗಳುಗಟ್ಟಲೆ ಎಳೆಯಲೂಬಾರದು, ಓಂಬುಡ್ಸ್‌ಮನ್‌ಗೂ ಗಡುವಿದೆ.

ನನ್ನ ಕೇಸಿನಲ್ಲಿ ಬ್ಯಾಂಕು ಅಸಲು ಹಾಕಿ ಪರಿಹಾರ ಕೊಡದೆ ‘ದೂರು ಇತ್ಯರ್ಥ’ ಅಂತ ಮೆಸೇಜ್ ಕಳಿಸಿತ್ತು. ಪೋರ್ಟಲ್‌ನಲ್ಲಿ ಪರಿಹಾರದ ದಿನಗಳ ಲೆಕ್ಕ ಮಾತ್ರ ಹಾಕಿದೆ. ಆಮೇಲೆ ಬ್ಯಾಂಕಿನವರೇ ಫೋನ್ ಮಾಡಿ ಜಮಾ ಮಾಡಿದರು. ಅಲ್ಲಿ ಸಿಟ್ಟು ತೋಡಿಕೊಳ್ಳಬೇಡಿ. ತಾರೀಕು, ಏನಾಯಿತು, ಯಾವ ಲಗತ್ತು, ಎಷ್ಟು ಹಣ ಬೇಕು, ಅಷ್ಟೇ. ‘ಮ್ಯಾನೇಜರ್ ಒರಟಾಗಿ ಮಾತಾಡಿದರು’ ಅನ್ನೋದು ಬರೆದರೆ ಮುಖ್ಯ ವಿಷಯ ಮುಳುಗಿಹೋಗುತ್ತದೆ. ಶುಲ್ಕ ಇಲ್ಲ, ವಕೀಲರೂ ಬೇಡ.

ಬೆಂಗಳೂರಿನವರು:
ಪೋರ್ಟಲ್ ಇಂಗ್ಲಿಷ್‌ನಲ್ಲಿ ಅಲ್ವಾ? ಹಳ್ಳಿಯವರು ಏನು ಮಾಡಬೇಕು?

ನಿವೃತ್ತ ಬ್ಯಾಂಕ್ ಉದ್ಯೋಗಿ, ಶಿವಮೊಗ್ಗ:
ಚಂಡೀಗಢಕ್ಕೆ ಅಂಚೆಯಲ್ಲಿ ಕಳಿಸುವ ದೂರು ಕನ್ನಡದಲ್ಲಿದ್ದರೂ ತೆಗೆದುಕೊಳ್ಳುತ್ತಾರೆ. 14448ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ವಿವರಿಸುತ್ತಾರೆ. ಶಾಖೆಯ ಪತ್ರ, ನೋಡಲ್‌ಗೆ ಕಳಿಸಿದ ಇಮೇಲ್, ಬಂದ ಉತ್ತರ, ಪಾಸ್‌ಬುಕ್ಕಿನ ಆ ಪುಟ, ಇವುಗಳ ಜೆರಾಕ್ಸ್ ಜೊತೆಗಿಡಿ. ಈ ವಿಷಯ ಕೋರ್ಟಿನಲ್ಲಿ ಇಲ್ಲ ಅಂತಲೂ ಬರೆಯಿರಿ. ಕೋರ್ಟಿನಲ್ಲಿದ್ದರೆ ಅವರು ಮುಟ್ಟುವುದಿಲ್ಲ.

ಮೈಸೂರಿನವರು:
ಸರ್, ಸಿಸಿಟಿವಿ ಬಗ್ಗೆ ನನಗೆ ಅನುಮಾನ. ನಾನು ಕೇಳಿದಾಗ ‘ಬೇರೆ ಗ್ರಾಹಕರ ಮುಖ ಕಾಣುತ್ತೆ’ ಅಂತ ಕೊಡಲೇ ಇಲ್ಲ.

ನಿವೃತ್ತ ಬ್ಯಾಂಕ್ ಉದ್ಯೋಗಿ, ಶಿವಮೊಗ್ಗ:
ನಿಮಗೆ ಕೊಡದಿರಬಹುದು. ಓಂಬುಡ್ಸ್‌ಮನ್ ಕೇಳಿದರೆ ಬ್ಯಾಂಕು ಉತ್ತರ ಕೊಡಬೇಕಾಗುತ್ತದೆ. ಹಳೆಯ ದೃಶ್ಯದ ಮೇಲೆ ಹೊಸದು ಕೂರುವುದರಿಂದ ‘ಉಳಿಸಿ’ ಅಂತ ಬೇಗ ಬರೆಯಿರಿ ಅಂದೆ.

ಮೈಸೂರಿನವರು:
ಉಳಿಸಿಲ್ಲ ಅಂದರೆ?

ನಿವೃತ್ತ ಬ್ಯಾಂಕ್ ಉದ್ಯೋಗಿ, ಶಿವಮೊಗ್ಗ:
ಕೇಳಿದ ಮೇಲೂ ಉಳಿಸಿಲ್ಲ ಅಂದರೆ ಅದು ನಿಮ್ಮ ಪರ ವಾದ ಅಂತ ನನ್ನ ಅಭಿಪ್ರಾಯ. ಎಲ್ಲರೂ ಒಪ್ಪುತ್ತಾರೆ ಅಂತ ಹೇಳಲಾರೆ.

ಕೇಳಿದವರು, ತಿಪಟೂರು:
ನೋಡಲ್ ಅಧಿಕಾರಿಗೆ ಇಮೇಲ್ ಕಳಿಸಿದೆ. ದೂರು ಸಂಖ್ಯೆ ಬಂತು. ಎಟಿಎಂನ ನಂಬರ್ ಕೇಳಿದ್ದಾರೆ, ಸ್ಲಿಪ್ ಬಂದಿರಲಿಲ್ಲ. ಎಸ್‌ಎಂಎಸ್‌ನಲ್ಲಿರುವ ಅಕ್ಷರಗಳನ್ನೇ ಹಾಕಿದರೆ ಸಾಕಾ?

ನಿವೃತ್ತ ಬ್ಯಾಂಕ್ ಉದ್ಯೋಗಿ, ಶಿವಮೊಗ್ಗ:
ಸಾಕು. ಜೊತೆಗೆ ಎಟಿಎಂ ಕೋಣೆಯ ಗೋಡೆಯ ಮೇಲೋ ಯಂತ್ರದ ಮೇಲೋ ಅಂಟಿಸಿರುವ ನಂಬರಿನ ಫೋಟೋ ತೆಗೆದು ಕಳಿಸಿ.