ಲೈನ್ ಚಾರ್ಟ್ ನೋಡಿ ಬಜೆಟ್ ತಪ್ಪು ಕ್ಯಾಂಪೇನ್‌ಗೆ ಹೋಯ್ತು. ಬಾರ್ ಹಾಕಬೇಕಿತ್ತಾ, ಟೇಬಲ್ ಹಾಕಬೇಕಿತ್ತಾ?

ಸಿಂಧು_ವರದಿ

ಎಲ್ಲರಿಗೂ ನಮಸ್ಕಾರ. ವಾರಕ್ಕೊಮ್ಮೆ ಸರ್ಚ್ ಜಾಹೀರಾತುಗಳ ವರದಿ ಮಾಡಿ ಮೇಲಿನವರಿಗೆ ಕಳಿಸುವ ಕೆಲಸ ನನ್ನದು. ಕಳೆದ ವಾರ ನನ್ನ ಚಾರ್ಟ್ ನೋಡಿಯೇ ಒಂದು ತಪ್ಪು ತೀರ್ಮಾನ ಆಗಿದೆ. ಅದು ಮನಸ್ಸಿನಲ್ಲಿ ಕೊರೀತಾ ಇದೆ, ಅದಕ್ಕೇ ಇಲ್ಲಿ ಕೇಳ್ತಿದ್ದೀನಿ.

ಎರಡು ಕ್ಯಾಂಪೇನ್ ಇವೆ, ಒಂದು ಹಳೇದು, ಒಂದು ಹೊಸದು. ನಿಜವಾದ ಖರ್ಚು ಹೊರಗೆ ಹೇಳುವಂತಿಲ್ಲ, ಅನುಪಾತ ಕೆಡದ ಹಾಗೆ ಅಂಕಿ ಬದಲಾಯಿಸಿದ್ದೀನಿ. ಹಳೇದಕ್ಕೆ ದಿನಕ್ಕೆ 300 ಖರ್ಚು, ಏಳೂ ದಿನ ಐದೈದು ಕನ್ವರ್ಷನ್. ಹೊಸದಕ್ಕೆ ದಿನಕ್ಕೆ 100 ಖರ್ಚು, ಕನ್ವರ್ಷನ್ ಬಂದಿದ್ದು ದಿನದ ಪ್ರಕಾರ 2, 0, 1, 0, 3, 0, 1.

ಒಂದು ಕನ್ವರ್ಷನ್‌ಗೆ ತಗುಲಿದ ಖರ್ಚನ್ನು ದಿನದಿನಕ್ಕೆ ಲೈನ್ ಚಾರ್ಟ್‌ನಲ್ಲಿ ತೋರಿಸಿದ್ದೆ. ಹಳೇದರ ಗೆರೆ 60ರಲ್ಲಿ ನೇರವಾಗಿ ಹೋಗುತ್ತೆ. ಹೊಸದರದ್ದು ಮೂರು ಸಲ ತಳಕ್ಕೆ ಇಳಿದು ಮೇಲೆ ಬರುತ್ತೆ. ಪಕ್ಕದಲ್ಲಿ ಸರಾಸರಿ ಅಂತ 60 ಮತ್ತು 40 ಹಾಕಿದ್ದೆ. ಮೀಟಿಂಗ್‌ನಲ್ಲಿ "ಹೊಸದು ಇಷ್ಟು ಅಗ್ಗ ಇರುವಾಗ ಹಳೇದರ ಬಜೆಟ್‌ನಲ್ಲಿ ಅರ್ಧ ಅಲ್ಲಿಗೆ ಹಾಕಿ" ಅಂದ್ರು. ಹಾಕಿದ್ವಿ. ಒಟ್ಟು ಕನ್ವರ್ಷನ್ ಕಡಿಮೆ ಆಗಿದೆ. ಬಾರ್ ಚಾರ್ಟ್ ಹಾಕಿದ್ದರೆ ಹೀಗಾಗ್ತಿರಲಿಲ್ವಾ?

ಟ್ಯಾಗ್‌ವೀರ

ಒಂದು ದಿನ ಬಿಟ್ಟು ಒಂದು ದಿನ ಕನ್ವರ್ಷನ್ ಸೊನ್ನೆ ಅಂದ್ರೆ ಅದು ಚಾರ್ಟ್ ಸಮಸ್ಯೆಯೇ ಅಲ್ಲ. ಥ್ಯಾಂಕ್ಯೂ ಪೇಜ್‌ನಲ್ಲಿ ಟ್ಯಾಗ್ ಸರಿಯಾಗಿ ಓಡ್ತಿಲ್ಲ. ಮೊದಲು ಟ್ಯಾಗ್ ನೋಡಿ, ಆಮೇಲೆ ಚಾರ್ಟ್ ಬಗ್ಗೆ ಯೋಚನೆ ಮಾಡಿ. ನನಗೂ ಹೋದ ತಿಂಗಳು ಇದೇ ಆಗಿತ್ತು. ಫಾರ್ಮ್ ಬದಲಾಯಿಸಿದವರು ನನಗೆ ಹೇಳಿರಲಿಲ್ಲ.

ಸಿಂಧು_ವರದಿ

ಅದನ್ನೇ ಮೊದಲು ನೋಡಿದೆ. ಮಾರಾಟದವರ ಪಟ್ಟಿಯಲ್ಲೂ ಆ ಕ್ಯಾಂಪೇನ್‌ನಿಂದ ಬಂದ ವಿಚಾರಣೆಗಳು ಏಳೇ ಇವೆ, ದಿನಾಂಕಗಳೂ ತಾಳೆ ಆಗ್ತವೆ. ಆ ಮೂರು ದಿನ ನಿಜಕ್ಕೂ ಯಾರೂ ಬಂದಿಲ್ಲ.

ಮಂಜು_ಪಿ

ಹಾಗಾದ್ರೆ ಕಾರಣ ಸಿಕ್ತು. ಸೊನ್ನೆ ಕನ್ವರ್ಷನ್ ಬಂದ ದಿನ ಖರ್ಚನ್ನು ಸೊನ್ನೆಯಿಂದ ಭಾಗಿಸೋಕೆ ಆಗಲ್ಲ. ನಿಮ್ಮ ಫೈಲ್‌ನಲ್ಲಿ ಅಲ್ಲಿ `0.00` ಅಂತ ಬಂದಿರುತ್ತೆ, ಗೆರೆ ಅದಕ್ಕೇ ತಳಕ್ಕೆ ಬಿದ್ದಿದೆ. ಆ ದಿನಗಳನ್ನು ಖಾಲಿ ಬಿಡಿ, ಅಷ್ಟೇ. ಕಾಲಂ B ಖರ್ಚು, C ಕನ್ವರ್ಷನ್ ಆಗಿದ್ರೆ:

```
=IF(C2=0, "", B2/C2)
```

ಆಮೇಲೆ ಸರಾಸರಿ ತೆಗೆದು ಬಾರ್ ಚಾರ್ಟ್ ಹಾಕಿ. ಲೈನ್ ಬೇಡವೇ ಬೇಡ.

ಹಳೆಲೆಕ್ಕ

ಮಂಜು ಅವರು ರೋಗವನ್ನು ಸರಿಯಾಗಿ ಹಿಡಿದಿದ್ದಾರೆ. ಆದರೆ ಹೇಳಿದ ಮದ್ದು ಕೊಟ್ಟರೆ ತಪ್ಪು ಇನ್ನೊಂದು ರೂಪದಲ್ಲಿ ಉಳಿದುಕೊಳ್ಳುತ್ತದೆ.

ಸಿಂಧು ಮೇಡಂ, ನಿಮ್ಮ ಹೊಸ ಕ್ಯಾಂಪೇನ್‌ನ ದಿನವಹಿ ಬೆಲೆಗಳು 50, 0, 100, 0, 33, 0, 100 ಎಂದು ಬಂದಿರಬೇಕು. ಕೂಡಿಸಿ ಏಳರಿಂದ ಭಾಗಿಸಿದರೆ ಸುಮಾರು 40. ನಿಮ್ಮ ವರದಿಯ 40 ಹುಟ್ಟಿದ್ದು ಹೀಗೆ. ಹಣ ಹೋಗಿ ಏನೂ ಬಾರದ ದಿನ ಆ ಚಾರ್ಟ್‌ನಲ್ಲಿ ಅತಿ ಅಗ್ಗದ ದಿನವಾಗಿ ಕಾಣುತ್ತದೆ. ವಾರದ ಅತಿ ಕೆಟ್ಟ ಮೂರು ದಿನಗಳೇ ಸರಾಸರಿಯನ್ನು ಕೆಳಗೆ ಎಳೆದಿವೆ.

ಸೊನ್ನೆಯ ದಿನಗಳನ್ನು ಖಾಲಿ ಬಿಟ್ಟು ಉಳಿದ ನಾಲ್ಕು ದಿನಗಳ ಸರಾಸರಿ ತೆಗೆಯಿರಿ. ಸುಮಾರು 71 ಬರುತ್ತದೆ. ಇದೂ ಸುಳ್ಳೇ, ಏಕೆಂದರೆ ಆ ಮೂರು ದಿನ ಖರ್ಚಾದ 300 ಲೆಕ್ಕದಿಂದ ಮಾಯವಾಯಿತು. ವಾರಕ್ಕೆ ಹೋದದ್ದು 700, ಬಂದದ್ದು 7, ಹಾಗಾಗಿ ಒಂದಕ್ಕೆ ಬಿದ್ದದ್ದು 100. ಹಳೆಯದು 2100 ಖರ್ಚಿಗೆ 35 ತಂದಿದೆ, ಒಂದಕ್ಕೆ 60. ಅಂದರೆ 40 ಮತ್ತು 60 ಎಂದು ಮೀಟಿಂಗ್‌ನಲ್ಲಿ ಕಂಡದ್ದು ವಾಸ್ತವದಲ್ಲಿ 100 ಮತ್ತು 60.

ಇಷ್ಟು ತಿಳಿದ ಮೇಲೆ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಅವೇ ಸರಾಸರಿಗಳ ಮೇಲೆ ಬಾರ್ ಹಾಕಿದ್ದರೆ 40 ಮತ್ತು 60 ಎರಡು ಅಚ್ಚುಕಟ್ಟಾದ ಕಂಬಗಳಾಗಿ ನಿಲ್ಲುತ್ತಿದ್ದವು. ನನ್ನ ಮಟ್ಟಿಗೆ ಅದು ಇನ್ನೂ ಅಪಾಯ. ನಿಮ್ಮ ಲೈನ್ ಚಾರ್ಟ್‌ನಲ್ಲಿ ಕನಿಷ್ಠ ಆ ವಿಚಿತ್ರ ಕುಸಿತಗಳು ಕಾಣುತ್ತಿದ್ದವು, ಯಾರಾದರೂ "ಇದೇನು" ಎಂದು ಕೇಳಬಹುದಿತ್ತು. ಕಂಬ ಅದನ್ನೂ ಮುಚ್ಚಿಬಿಡುತ್ತಿತ್ತು. ಆದ್ದರಿಂದ ಮೊದಲು ಅಂಕಿ ಸರಿಯಾಗಬೇಕು. ಲುಕರ್ ಸ್ಟುಡಿಯೋ ಬಳಸುತ್ತಿದ್ದರೆ ದಿನದ ಬೆಲೆಯ ಕಾಲಂ ಅನ್ನು ಎಳೆದು ಸರಾಸರಿ ಹಾಕಬೇಡಿ, ಲೆಕ್ಕದ ಫೀಲ್ಡ್ ಮಾಡಿ:

```
SUM(Cost) / SUM(Conversions)
```

ಹೀಗೆ ಬರೆದರೆ ದಿನ, ವಾರ, ತಿಂಗಳು ಯಾವುದಕ್ಕೆ ಬದಲಾಯಿಸಿದರೂ ಆ ಅವಧಿಯ ಒಟ್ಟು ಖರ್ಚು, ಒಟ್ಟು ಕನ್ವರ್ಷನ್‌ನಿಂದಲೇ ಭಾಗವಾಗುತ್ತದೆ. ಅಲ್ಲಿ ಟೈಮ್ ಸೀರೀಸ್ ಚಾರ್ಟ್‌ನ ಸ್ಟೈಲ್ ಭಾಗದಲ್ಲಿ ಡೇಟಾ ಇಲ್ಲದ ಜಾಗಕ್ಕೆ `Line to Zero` ಎಂದಿದ್ದರೆ ಅದನ್ನು `Line Breaks` ಮಾಡಿ. ಗೆರೆ ತುಂಡಾಗಿ ಕಾಣಲಿ, ತುಂಡಾದದ್ದೇ ಅಲ್ಲಿನ ಸತ್ಯ.

ಮಂಜು ಅವರ ಸೂತ್ರದ ಬಗ್ಗೆ ಒಂದು ಮಾತು. ಎಕ್ಸೆಲ್‌ನಲ್ಲಿ `""` ಖಾಲಿ ಸೆಲ್ ಅಲ್ಲ, ಅದು ಪಠ್ಯ. ಲೈನ್ ಚಾರ್ಟ್ ಅದನ್ನೂ ಸೊನ್ನೆ ಎಂದೇ ಎಳೆಯುತ್ತದೆ. ಅಲ್ಲಿ `NA()` ಹಾಕಬೇಕು.

ಮಂಜು_ಪಿ

`""` ವಿಷಯ ಗೊತ್ತಿರಲಿಲ್ಲ, ಈಗಲೇ ಎಕ್ಸೆಲ್‌ನಲ್ಲಿ ಹಾಕಿ ನೋಡಿದೆ, ನೀವು ಹೇಳಿದ ಹಾಗೇ ತಳಕ್ಕೆ ಬಿತ್ತು. 71ರ ಲೆಕ್ಕವೂ ಒಪ್ಪಿದೆ. ಆದ್ರೂ ಅಂಕಿ ಸರಿ ಆದ ಮೇಲೆ ಎರಡು ಕ್ಯಾಂಪೇನ್ ಹೋಲಿಸೋಕೆ ಬಾರ್ ತಾನೇ ಸರಿ? ಅಲ್ಲಿ ಲೈನ್‌ಗೆ ಏನು ಕೆಲಸ?

ಹಳೆಲೆಕ್ಕ

ಹೋಲಿಕೆಗೆ ಬಾರ್ ಸರಿ, ಒಪ್ಪಿದೆ. ಐದಾರು ಕ್ಯಾಂಪೇನ್ ಇದ್ದು ಯಾವುದು ದುಬಾರಿ ಎಂದು ಒಂದೇ ನೋಟಕ್ಕೆ ಕಾಣಬೇಕಾದರೆ ನಾನೂ ಬಾರ್ ಹಾಕುತ್ತೇನೆ, ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ. ಆದರೆ ಈ ವಿಷಯದಲ್ಲಿ ನನ್ನ ಆಯ್ಕೆ ಟೇಬಲ್. ಇರುವುದು ಎರಡೇ ಸಾಲು, ಮತ್ತು ತೀರ್ಮಾನ ನಿಂತಿರುವುದು ಬೆಲೆಯ ಮೇಲಷ್ಟೇ ಅಲ್ಲ, ಆ ಬೆಲೆ ಎಷ್ಟು ಕನ್ವರ್ಷನ್‌ನಿಂದ ಬಂತು ಎಂಬುದರ ಮೇಲೂ. 7ರಿಂದ ಹುಟ್ಟಿದ ಕಂಬವೂ 35ರಿಂದ ಹುಟ್ಟಿದ ಕಂಬವೂ ಒಂದೇ ರೀತಿ ಗಟ್ಟಿಯಾಗಿ ನಿಲ್ಲುತ್ತವೆ, ನೋಡುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಟೇಬಲ್‌ನಲ್ಲಿ ಖರ್ಚು 700, ಕನ್ವರ್ಷನ್ 7, ಒಂದಕ್ಕೆ 100 ಎಂದು ಅಕ್ಕಪಕ್ಕ ಇದ್ದರೆ "ಏಳೇ ಏಳಾ?" ಎಂಬ ಪ್ರಶ್ನೆ ತಾನಾಗಿ ಬರುತ್ತದೆ.

ಆ ಪ್ರಶ್ನೆ ಬರಲೇಬೇಕು. ಕ್ಯಾಂಪೇನ್‌ನಲ್ಲಿ ಏನೂ ಬದಲಾಗದಿದ್ದರೂ ಏಳು ಬಂದ ಜಾಗದಲ್ಲಿ ಮುಂದಿನ ವಾರ 4 ಬರಬಹುದು, 11 ಬರಬಹುದು. ಅದೇ 700 ಖರ್ಚಿಗೆ ಬೆಲೆ 175ಕ್ಕೆ ಏರಬಹುದು, 64ಕ್ಕೆ ಇಳಿಯಬಹುದು. ಹಾಗಾಗಿ ಹೊಸದು ಅಗ್ಗ ಎಂದದ್ದು ಖಂಡಿತ ತಪ್ಪು, ಆದರೆ ಹೊಸದು ಕೆಟ್ಟದ್ದು ಎಂದು ಈ ಒಂದು ವಾರ ನೋಡಿ ಹೇಳುವುದಕ್ಕೂ ಆಗುವುದಿಲ್ಲ.

ನೀಲಿಗೆರೆ

ನಡುವೆ ಬಾಯಿ ಹಾಕ್ತೀನಿ, ಕ್ಷಮಿಸಿ. ನಂದು ಬಾರ್ ಚಾರ್ಟೇ, ಸೊನ್ನೆ ಕನ್ವರ್ಷನ್ ದಿನಗಳೂ ಇಲ್ಲ. ಎರಡು ಜಾಹೀರಾತಿನ ಕನ್ವರ್ಷನ್ ದರ 2.1% ಮತ್ತು 2.4%. ಕಂಬಗಳು ಹೆಚ್ಚುಕಮ್ಮಿ ಒಂದೇ ಎತ್ತರ ಕಾಣ್ತಿದ್ವು, ವ್ಯತ್ಯಾಸ ತಿಳೀಲಿ ಅಂತ ಅಕ್ಷವನ್ನು 2ರಿಂದ ಶುರು ಮಾಡಿದೆ. ಈಗ ಎಲ್ಲರೂ ಎರಡನೇದು ಬಹಳ ಮುಂದಿದೆ ಅಂತಿದ್ದಾರೆ. ಅಂಕಿ ಕಂಬದ ಮೇಲೇ ಬರೆದಿದೆಯಲ್ಲ, ಓದಬೇಕಲ್ವಾ?

ಹಳೆಲೆಕ್ಕ

ಮೀಟಿಂಗ್‌ನಲ್ಲಿ ಕಣ್ಣು ಮೊದಲು ಎತ್ತರವನ್ನು ಅಳೆಯುತ್ತದೆ, ಅಂಕಿ ಆಮೇಲೆ. 2ರಿಂದ ಶುರುವಾದ ಅಕ್ಷದಲ್ಲಿ ಒಂದು ಕಂಬ 0.1 ಎತ್ತರ, ಇನ್ನೊಂದು 0.4, ಅಂದರೆ ನಾಲ್ಕು ಪಟ್ಟು. ನಿಜವಾದ ವ್ಯತ್ಯಾಸ ಸುಮಾರು ಏಳನೇ ಒಂದು ಭಾಗ. ಬಾರ್ ಹಾಕಿದರೆ ಅಕ್ಷ ಸೊನ್ನೆಯಿಂದಲೇ ಶುರುವಾಗಬೇಕು. ಕಂಬಗಳು ಒಂದೇ ಎತ್ತರ ಕಂಡರೆ ಅದೇ ನಿಮ್ಮ ಉತ್ತರ. 0.3ರ ವ್ಯತ್ಯಾಸ ನಿಮ್ಮ ವ್ಯವಹಾರಕ್ಕೆ ದೊಡ್ಡದಾಗಿದ್ದರೆ ಟೇಬಲ್‌ನಲ್ಲಿ ಕ್ಲಿಕ್ ಸಂಖ್ಯೆಯ ಜೊತೆ ಬರೆಯಿರಿ.

ಲೈನ್‌ಗೆ ಈ ಕಟ್ಟುಪಾಡು ಅಷ್ಟಿಲ್ಲ, ಅಲ್ಲಿ ನೋಡುವುದು ಇಳಿಜಾರನ್ನು. ಅಳತೆ ಎಲ್ಲಿಂದ ಶುರು ಎಂದು ಸ್ಪಷ್ಟವಾಗಿ ಬರೆದಿದ್ದರೆ ಸಾಕು.

ಸಿಂಧು_ವರದಿ

ಹಳೆಲೆಕ್ಕ ಸರ್, ನೀವು ಹೇಳಿದ ಹಾಗೆ ಟೇಬಲ್ ಮಾಡಿ ತಪ್ಪನ್ನು ಒಪ್ಪಿಕೊಂಡು ಕಳಿಸಿದೆ. ಬಜೆಟ್ ವಾಪಸ್ ಸರಿಸೋಕೆ ಒಪ್ಪಿದ್ದಾರೆ. ಆದರೆ "ಏರ್ತಾ ಇದೆಯಾ, ಇಳೀತಾ ಇದೆಯಾ ಅನ್ನೋದು ಟೇಬಲ್‌ನಲ್ಲಿ ಕಾಣಲ್ಲ, ಲೈನ್ ಬೇಕೇ ಬೇಕು" ಅಂತಾರೆ. ಹಳೇ ಕ್ಯಾಂಪೇನ್‌ಗೆ 12 ವಾರದ ಲೈನ್ ಹಾಕಿದೆ, ಪ್ರತಿ ವಾರಕ್ಕೆ ಒಂದು ಬಿಂದು, ಒಟ್ಟಿನಿಂದ ಒಟ್ಟು ಭಾಗಿಸಿಯೇ. ಹನ್ನೊಂದು ವಾರ ಸಮಾಧಾನವಾಗಿದೆ, ಕೊನೇ ವಾರ ಬೆಲೆ ಜಿಗಿದಿದೆ. ಹೋದ ವಾರದ ವರದಿಯಲ್ಲೂ ಕೊನೇ ಬಿಂದು ಹೀಗೇ ಜಿಗಿದಿತ್ತು, ಈಗ ನೋಡಿದರೆ ಅದೇ ವಾರ ಕೆಳಗೆ ಬಂದಿದೆ!

ಹಳೆಲೆಕ್ಕ

ಅವರು ಕೇಳಿದ್ದು ಸರಿ. ಕಾಲದ ಜೊತೆ ಬದಲಾವಣೆ ನೋಡಲು ಲೈನೇ ಬೇಕು. ವಾರಕ್ಕೆ ಒಂದು ಬಿಂದು ಇಟ್ಟದ್ದೂ ಸರಿ, ವಾರಕ್ಕೆ 35 ಬರುವ ಕಡೆ ಅದು ಆಡಿಸುವುದಿಲ್ಲ.

ಕೊನೆಯ ಜಿಗಿತಕ್ಕೆ ಕಾರಣ ಬೇರೆ. ಗೂಗಲ್ ಆ್ಯಡ್ಸ್‌ನ ಸಾಮಾನ್ಯ ಕನ್ವರ್ಷನ್ ಕಾಲಂ, ಕನ್ವರ್ಷನ್ ಅನ್ನು ಅದು ನಡೆದ ದಿನಕ್ಕೆ ಬರೆಯುವುದಿಲ್ಲ, ಕ್ಲಿಕ್ ಆದ ದಿನಕ್ಕೆ ಬರೆಯುತ್ತದೆ. ಗುರುವಾರ ಕ್ಲಿಕ್ ಮಾಡಿದವರು ಮುಂದಿನ ಮಂಗಳವಾರ ಫಾರ್ಮ್ ತುಂಬಿದರೆ ಅದು ಹಿಂದಕ್ಕೆ ಹೋಗಿ ಗುರುವಾರದ ಲೆಕ್ಕಕ್ಕೆ ಸೇರುತ್ತದೆ. ಖರ್ಚು ಅಂದೇ ಪೂರ್ತಿ ಬಂದಿರುತ್ತದೆ, ಕನ್ವರ್ಷನ್ ಇನ್ನೂ ದಾರಿಯಲ್ಲಿರುತ್ತದೆ. ಹಾಗಾಗಿ ಕೊನೆಯ ಬಿಂದು ಯಾವಾಗಲೂ ದುಬಾರಿಯಾಗಿ ಕಾಣುತ್ತದೆ. ವರದಿಯಲ್ಲಿ `Days to conversion` ಸೆಗ್ಮೆಂಟ್ ಹಾಕಿ ನೋಡಿ. ನಿಮ್ಮಲ್ಲಿ ಹೆಚ್ಚಿನ ಭಾಗ ಐದು ದಿನದೊಳಗೆ ಬರುತ್ತಿದ್ದರೆ, ಇನ್ನೂ ಐದು ದಿನ ತುಂಬದ ಕ್ಲಿಕ್‌ಗಳಿರುವ ವಾರವನ್ನು ಲೈನ್‌ನಿಂದ ಕತ್ತರಿಸಿ. ನಾನು ಹಾಗೇ ಮಾಡುತ್ತೇನೆ.

ಮಂಜು_ಪಿ

ಕತ್ತರಿಸೋದು ನನಗೆ ಸರಿ ಕಾಣಲ್ಲ. ಕೊನೇ ವಾರ ನಿಜವಾಗಲೂ ಏನೋ ಮುರಿದಿದ್ರೆ? ಟ್ಯಾಗ್‌ವೀರ ಹೇಳಿದ ಹಾಗೆ ಟ್ಯಾಗೇ ನಿಂತಿದ್ರೆ? ಚುಕ್ಕೆ ಗೆರೆಯಲ್ಲಿ ತೋರಿಸಿ ಪಕ್ಕದಲ್ಲಿ "ಇನ್ನೂ ಪೂರ್ತಿ ಬಂದಿಲ್ಲ" ಅಂತ ಬರೆದ್ರೆ ಆಯ್ತಲ್ಲ.

ಹಳೆಲೆಕ್ಕ

ಚುಕ್ಕೆ ಗೆರೆಯನ್ನೂ ಜನ ಗೆರೆ ಎಂದೇ ಓದುತ್ತಾರೆ, ಅದು ನನ್ನ ಅನುಭವ. ಮುರಿದಿದೆಯೇ ಎಂದು ನೋಡಲು ನಾನು ಬೇರೆ ಚಾರ್ಟ್ ಇಟ್ಟುಕೊಳ್ಳುತ್ತೇನೆ, `Conversions (by conv. time)` ಕಾಲಂನ ದಿನವಹಿ ಎಣಿಕೆ. ಅದು ನನ್ನ ಮೇಜಿಗೆ ಮಾತ್ರ, ಮೀಟಿಂಗ್‌ಗೆ ಹೋಗುವುದಿಲ್ಲ. ನಿಮ್ಮ ತಂಡದವರು ಟಿಪ್ಪಣಿ ಓದುವವರಾದರೆ ನಿಮ್ಮ ದಾರಿಯೂ ನಡೆಯುತ್ತದೆ.

ಸಿಂಧು_ವರದಿ

ಸೆಗ್ಮೆಂಟ್ ಹಾಕಿ ನೋಡಿದೆ. ನಮ್ಮಲ್ಲಿ ಬಹುಪಾಲು ಮೂರು ದಿನದೊಳಗೆ ಬರುತ್ತೆ, ಆದರೆ ಒಂದು ಸಣ್ಣ ಗುಂಪು ಎರಡು ವಾರದ ಮೇಲೂ ಬರ್ತಾ ಇರುತ್ತೆ. ಈ ಸಲ ಕೊನೇ ವಾರ ಬಿಟ್ಟು ಹನ್ನೊಂದು ಬಿಂದುಗಳ ಲೈನ್, ಅದರ ಕೆಳಗೆ ಎರಡು ಸಾಲಿನ ಟೇಬಲ್ ಕಳಿಸ್ತಿದ್ದೀನಿ. ಹೊಸ ಕ್ಯಾಂಪೇನ್‌ಗೆ ಲೈನ್ ಹಾಕಿಲ್ಲ. ಅದಕ್ಕೆ ಎಷ್ಟು ಕನ್ವರ್ಷನ್ ಆದ ಮೇಲೆ ಲೈನ್ ಶುರು ಮಾಡಬಹುದು ಅಂತ ಯಾರಾದ್ರೂ ತಮ್ಮ ರೂಢಿ ಹೇಳಿದ್ರೆ ಉಪಕಾರ ಆಗುತ್ತೆ.

ನೀಲಿಗೆರೆ

ನಾನು ಒಂದು ಬಿಂದುವಿಗೆ 20 ಆದ್ರೂ ಇರಲಿ ಅಂತ ನೋಡ್ಕೊಳ್ತೀನಿ, ಇಲ್ಲಾಂದ್ರೆ ವಾರದ ಬದಲು ತಿಂಗಳಿಗೆ ಒಂದು ಬಿಂದು ಇಡ್ತೀನಿ. ಇದಕ್ಕೆ ಲೆಕ್ಕದ ಆಧಾರ ಏನೂ ಇಲ್ಲ, ಕಣ್ಣಿನ ಅಂದಾಜು ಅಷ್ಟೇ. ಅಕ್ಷ ಸೊನ್ನೆಗೆ ವಾಪಸ್ ತಂದೆ, ಹಳೆಲೆಕ್ಕ ಸರ್.